ಎಐ ಸ್ಕೋರ್ ನೋಡಿ ತೀರ್ಪು ಬೇಡ, ಮೊದಲು ಮಾತಾಡಿಸಿ

ಸುತ್ತೋಲೆ
ಇಂಗ್ಲಿಷ್ ವಿಭಾಗ
ದಿನಾಂಕ: 10-11-2025

ಎಲ್ಲ ಅಧ್ಯಾಪಕರಿಗೆ ಮತ್ತು ಅತಿಥಿ ಉಪನ್ಯಾಸಕರಿಗೆ

ವಿಷಯ: ಅಸೈನ್‌ಮೆಂಟ್‌ಗಳ ಎಐ ಸ್ಕೋರ್

ಆತ್ಮೀಯರೇ,

ಹೋದ ವಾರ ಎರಡನೇ ವರ್ಷದ ಬಿ.ಎ. ವಿದ್ಯಾರ್ಥಿನಿಯೊಬ್ಬಳು ನನ್ನ ಹತ್ತಿರ ಬಂದಿದ್ದಳು. ಅವಳ ಅಸೈನ್‌ಮೆಂಟ್‌ಗೆ ಡಿಟೆಕ್ಟರ್ 78% ತೋರಿಸಿತ್ತು. ಅಷ್ಟಕ್ಕೇ ನಾವು ಸೊನ್ನೆ ಹಾಕಿದ್ದೆವು. ಅವಳು ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. ಎಡಗಡೆ ಪುಟದಲ್ಲಿ ಪೆನ್ಸಿಲಿನಲ್ಲಿ ಕನ್ನಡ, ಬಲಗಡೆ ಅದೇ ಮಾತು ಇಂಗ್ಲಿಷಿನಲ್ಲಿ. ಒಂದು ವಾಕ್ಯವನ್ನಂತೂ ನಾಲ್ಕು ಸಲ ಹೊಡೆದುಹಾಕಿ ಬರೆದಿದ್ದಳು. ಪಿಯುಸಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ. ಸೊನ್ನೆ ತೆಗೆದಿದ್ದೇವೆ. ಆದರೆ ಅಷ್ಟರಲ್ಲಿ ಮೂರು ದಿನ ಅವಳು ಕ್ಲಾಸಿಗೇ ಬಂದಿರಲಿಲ್ಲ. ಮೊದಲೇ ಕೂರಿಸಿ ಕೇಳಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು, ಅಲ್ವಾ?

78% ಅನ್ನುವುದು ಪುರಾವೆ ಅಲ್ಲ, ಅಂದಾಜು. ಮುಂದಿನ ಪದ ಸುಲಭವಾಗಿ ಊಹಿಸುವಂತಿದ್ದರೆ, ವಾಕ್ಯಗಳು ಒಂದೇ ಅಳತೆಯಲ್ಲಿದ್ದರೆ ಇಂಥ ಎಷ್ಟೋ ಡಿಟೆಕ್ಟರ್‌ಗಳು ಅನುಮಾನಪಡುತ್ತವೆ. ನಮ್ಮ ಮಕ್ಕಳು ಇಂಗ್ಲಿಷ್ ಬರೆಯುವುದೇ ಹಾಗೆ. ತಪ್ಪಾದೀತೆಂಬ ಭಯಕ್ಕೆ ಗೊತ್ತಿರುವ ಪದ, ಗೈಡಿನಲ್ಲಿ ಕಲಿತ ವಾಕ್ಯ ಬಿಟ್ಟು ಆಚೆ ಹೋಗುವುದಿಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು, ಇಂಗ್ಲಿಷ್ ತಾಯ್ನುಡಿಯಲ್ಲದವರು ಬರೆದ 91 ಟೋಫೆಲ್ ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಕೊಟ್ಟು ನೋಡಿದರು. ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳನ್ನು ಅವು ಎಐ ಬರೆದದ್ದೆಂದು ತಪ್ಪಾಗಿ ಹೇಳಿದವು. ಚಾಟ್‌ಜಿಪಿಟಿ ಮಾಡಿದ ಓಪನ್ಎಐ ಕೂಡ ತನ್ನದೇ ಡಿಟೆಕ್ಟರನ್ನು ಅದೇ ವರ್ಷ ಜುಲೈನಲ್ಲಿ ಹಿಂತೆಗೆದುಕೊಂಡಿತು. ನಿಖರತೆ ಕಡಿಮೆ ಎಂಬುದೇ ಕಾರಣ.

ಇನ್ನೊಂದು ಗೊಂದಲ. ಯುಜಿಸಿಯ 2018ರ ನಿಯಮದಲ್ಲಿ ಬರುವ 10% ಮಿತಿ, ಬೇರೆ ಬರಹಗಳ ಜೊತೆಗಿನ ಹೋಲಿಕೆಗೆ ಸಂಬಂಧಿಸಿದ್ದು. ಅದನ್ನು ಎಐ ಸ್ಕೋರಿಗೆ ಹಚ್ಚಬೇಡಿ.

ಹಾಗಂತ ಬರೆಸಿಕೊಂಡು ತಂದವರನ್ನು ಸುಮ್ನೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಸ್ಕೋರ್ ಜಾಸ್ತಿ ಬಂದರೆ ವಿದ್ಯಾರ್ಥಿಯನ್ನು ಒಬ್ಬರನ್ನೇ ಕರೆದು ಕೂರಿಸಿ. "ಇದನ್ನು ಹೇಗೆ ಶುರು ಮಾಡಿದೆ? ಈ ಉದಾಹರಣೆ ಯಾಕೆ ತಗೊಂಡೆ?" ಎಂದು ಕೇಳಿ. ರಫ್ ಕಾಪಿ ಇದ್ದರೆ ನೋಡಿ. ಕನ್ನಡದಲ್ಲಿ ಉತ್ತರಿಸಿದರೆ ಕನ್ನಡದಲ್ಲೇ ಕೇಳಿಸಿಕೊಳ್ಳಿ. ತಾನೇ ಬರೆದವರು ಎಲ್ಲಿ ಕಷ್ಟವಾಯಿತು ಎಂದು ಹೇಳಬಲ್ಲರು. ಗ್ರಾಮರ್ ತಿದ್ದಲು ಮಾತ್ರ ಎಐ ಬಳಸಿದ್ದರೆ ಅದನ್ನೂ ಹೆದರದೆ ಹೇಳುವಂತಿರಲಿ. ಮಾತಾಡಿದ ಮೇಲೂ ಅನುಮಾನ ಉಳಿದರೆ ನನ್ನ ಬಳಿ ಕರೆತನ್ನಿ, ಮೂವರೂ ಕೂತು ನೋಡೋಣ. ಅಲ್ಲಿಯವರೆಗೆ ಇಂಟರ್ನಲ್ ಅಂಕ ಕಳೆಯಬೇಡಿ. ಸ್ಕೋರನ್ನು ಕ್ಲಾಸಿನಲ್ಲಿ ಓದುವುದಾಗಲೀ ವಾಟ್ಸಾಪ್ ಗುಂಪಿಗೆ ಹಾಕುವುದಾಗಲೀ ಬೇಡವೇ ಬೇಡ.

ಈ ಸೆಮಿಸ್ಟರ್‌ನಲ್ಲಿ ಬರೀ ಸ್ಕೋರ್ ನೋಡಿ ಅಂಕ ಕಳೆದಿದ್ದರೆ, ಆ ಪ್ರತಿಗಳನ್ನು ಶುಕ್ರವಾರ, ನವೆಂಬರ್ 14ರೊಳಗೆ ನನಗೆ ತಲುಪಿಸಿ. ಅಂಕಗಳು ಅಪ್‌ಲೋಡ್ ಆಗುವ ಮೊದಲೇ ಆ ಮಕ್ಕಳನ್ನು ಕರೆದು ಮಾತಾಡಬೇಕು.

ಮುಖ್ಯಸ್ಥರು
ಇಂಗ್ಲಿಷ್ ವಿಭಾಗ