ಗಿಗಾಹರ್ಟ್ಸ್ ಜಾಸ್ತಿ ಇದ್ದರೂ ಎಫ್‌ಪಿಎಸ್ ಯಾಕೆ ಏರಲ್ಲ?

[ಪರದೆ: ಎರಡು ಪ್ರೊಸೆಸರ್ ಅಕ್ಕಪಕ್ಕ. ಎಡಕ್ಕೆ "4.7 ಗಿಗಾಹರ್ಟ್ಸ್", ಬಲಕ್ಕೆ "4.5 ಗಿಗಾಹರ್ಟ್ಸ್"]

ಗೇಮ್ ಆಡೋಕೆ ಇವೆರಡರಲ್ಲಿ ಯಾವುದು ಒಳ್ಳೆಯದು? ಎಡಗಡೆಯದು ಅಂದುಕೊಂಡ್ರಾ? ಅದು ರೈಜನ್ 7 5800ಎಕ್ಸ್. ಬಲಗಡೆಯದು 2022ರಲ್ಲಿ ಬಂದ 5800ಎಕ್ಸ್3ಡಿ. ಎರಡರಲ್ಲೂ ಎಂಟೆಂಟು ಕೋರ್, ಕೋರ್‌ಗಳ ವಿನ್ಯಾಸವೂ ಒಂದೇ. ಆದರೂ ಬಹಳಷ್ಟು ಗೇಮ್‌ಗಳಲ್ಲಿ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಮೂಡುವ ಫ್ರೇಮ್, ಜಾಸ್ತಿ ಕೊಡುವುದು ಆ 4.5ರದ್ದೇ.

[ಪರದೆ: "ಎಲ್3 ಕ್ಯಾಶ್: 32 ಎಂಬಿ / 96 ಎಂಬಿ"]

ಗುಟ್ಟು ಇಲ್ಲಿದೆ. ಕ್ಯಾಶ್ ಅಂದರೆ ಪ್ರೊಸೆಸರ್ ಒಳಗೇ ಇರುವ ಪುಟ್ಟ, ಚುರುಕಾದ ಮೆಮೊರಿ. ಗೇಮ್ ಅಂದರೆ ನೂರಾರು ಪಾತ್ರ, ವಸ್ತು, ಅವು ಎಲ್ಲಿವೆ, ಏನು ಮಾಡುತ್ತಿವೆ ಅನ್ನುವ ಲೆಕ್ಕ. ಈ ಡೇಟಾ ಕ್ಯಾಶ್‌ನಲ್ಲಿ ಸಿಕ್ಕರೆ ಸರಿ. ಸಿಗದಿದ್ದರೆ ರ್‍ಯಾಮ್‌ವರೆಗೆ ಹೋಗಿ ತರಬೇಕು.

[ಪರದೆ: ರ್‍ಯಾಮ್‌ನಿಂದ ಕೋರ್‌ಗೆ ಬಾಣ. ಪಕ್ಕದಲ್ಲಿ "80 ನ್ಯಾನೋಸೆಕೆಂಡ್"]

ಆ ಓಡಾಟಕ್ಕೆ 80 ನ್ಯಾನೋಸೆಕೆಂಡ್ ಬೇಕು ಅಂತಿಟ್ಟುಕೊಳ್ಳಿ. 4 ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ 400 ಕೋಟಿ ಸೈಕಲ್, ಹಾಗಾಗಿ ಅಂಥ ಪ್ರೊಸೆಸರ್‌ಗೆ ಅದು 320 ಸೈಕಲ್. 5 ಗಿಗಾಹರ್ಟ್ಸ್‌ಗೆ ಏರಿಸಿದರೆ 400 ಸೈಕಲ್. ಕಾಯುವ ಹೊತ್ತು ಒಂಚೂರೂ ಕಮ್ಮಿ ಆಗಲಿಲ್ಲ, ಸುಮ್ನೆ ಹಾಳಾಗುವ ಸೈಕಲ್ ಮಾತ್ರ ಜಾಸ್ತಿಯಾಯಿತು! ಕಾಯುವಾಗ ಕೋರ್ ಬೇರೆ ಕೆಲಸ ಹುಡುಕಿಕೊಳ್ಳುತ್ತದೆ, ನಿಜ. ಆದರೆ ಇಷ್ಟು ಹೊತ್ತು ತುಂಬುವಷ್ಟು ಕೆಲಸ ಸಿಗುವುದು ಕಷ್ಟ.

ಇನ್ನು ಒಂದು ಸೈಕಲ್‌ನಲ್ಲಿ ಎಷ್ಟು ಕೆಲಸ ಮುಗಿಯುತ್ತದೆ ಅನ್ನುವುದು ವಿನ್ಯಾಸದಿಂದ ವಿನ್ಯಾಸಕ್ಕೆ ಬೇರೆ. 2004ರಲ್ಲೇ ಪೆಂಟಿಯಂ 4 3.8 ಗಿಗಾಹರ್ಟ್ಸ್ ಮುಟ್ಟಿತ್ತು. ಗೇಮ್‌ಗಳಲ್ಲಿ 2.4ರ ಅಥ್ಲಾನ್ 64 ಅದನ್ನು ಹಿಂದೆ ಹಾಕುತ್ತಿತ್ತು. ಡಬ್ಬದ ಮೇಲಿನ ಗಿಗಾಹರ್ಟ್ಸ್ ನೋಡಿ ಬೇರೆ ಬೇರೆ ತಲೆಮಾರಿನ ಪ್ರೊಸೆಸರ್ ಹೋಲಿಸುವುದು ಆಗಲೂ ದಂಡ, ಈಗಲೂ ದಂಡ.

[ಪರದೆ: ಎರಡು ಪಟ್ಟಿ. "ಪ್ರೊಸೆಸರ್: 8 ಮಿಲಿಸೆಕೆಂಡ್", "ಗ್ರಾಫಿಕ್ಸ್ ಕಾರ್ಡ್: 16 ಮಿಲಿಸೆಕೆಂಡ್"]

ಪ್ರೊಸೆಸರ್ ಎಷ್ಟೇ ಚುರುಕಾಗಿರಲಿ, ಫ್ರೇಮ್ ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್ ಅಲ್ವಾ? ಒಂದು ಫ್ರೇಮ್‌ಗೆ ಅದು 16 ಮಿಲಿಸೆಕೆಂಡ್ ತೆಗೆದುಕೊಂಡರೆ ನಿಮಗೆ ಸಿಗುವುದು 62ರ ಆಸುಪಾಸು ಎಫ್‌ಪಿಎಸ್. ಕ್ಲಾಕ್, ಅಂದರೆ ಅದೇ ಗಿಗಾಹರ್ಟ್ಸ್, ಏರಿಸಿ ಪ್ರೊಸೆಸರ್‌ನ 8 ಮಿಲಿಸೆಕೆಂಡನ್ನು 7ಕ್ಕೆ ಇಳಿಸಿದಿರಿ ಅನ್ನಿ. ಆಗಲೂ ಅದೇ 62. ಪ್ರೊಸೆಸರ್ ಬೇಗ ಮುಗಿಸಿ ಕಾಯುತ್ತಾ ಕೂರುತ್ತದೆ.

ಹಾಗಂತ ಕ್ಲಾಕ್ ದಂಡ ಅಂತಲ್ಲ. ಅದೇ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್‌ಗೆ ಬಿಡುವಿದೆ, ಬೇಕಾದ ಡೇಟಾ ಕ್ಯಾಶ್‌ನಲ್ಲೇ ಇದೆ ಅಂದರೆ ಕ್ಲಾಕ್ ಏರಿದಂತೆ ಎಫ್‌ಪಿಎಸ್ ಕೂಡ ಏರುತ್ತದೆ.

[ಪರದೆ: ಗೇಮ್‌ನ ಸೆಟ್ಟಿಂಗ್ಸ್. ರೆಸಲ್ಯೂಶನ್ 1080ಪಿಯಿಂದ 720ಪಿಗೆ ಇಳಿಯುತ್ತದೆ]

ನಿಮ್ಮ ಕಂಪ್ಯೂಟರ್‌ನಲ್ಲಿ ತಡ ಮಾಡುತ್ತಿರುವುದು ಯಾರು? ಮೊದಲು ವಿ-ಸಿಂಕ್, ಫ್ರೇಮ್ ಮಿತಿ ಎರಡನ್ನೂ ತೆಗೆಯಿರಿ. ಆಮೇಲೆ ಉಳಿದಿದ್ದೆಲ್ಲ ಹಾಗೇ ಇಟ್ಟು ರೆಸಲ್ಯೂಶನ್ ಮಾತ್ರ ಇಳಿಸಿ, ಅದೇ ಜಾಗದಲ್ಲಿ ಮತ್ತೆ ಆಡಿ. ಎಫ್‌ಪಿಎಸ್ ಜಿಗಿದರೆ ಗ್ರಾಫಿಕ್ಸ್ ಕಾರ್ಡೇ ಕಾರಣ. ಹೊಸ ಪ್ರೊಸೆಸರ್‌ಗೆ ದುಡ್ಡು ಸುರಿಯಬೇಡಿ. ಅಲ್ಲಾಡದಿದ್ದರೆ ಪ್ರೊಸೆಸರ್, ರ್‍ಯಾಮ್ ಕಡೆ ನೋಡಿ. ಆಗಲೂ ಕ್ಯಾಶ್ ಎಷ್ಟಿದೆ ಅಂತ ಮೊದಲು ಕೇಳಿ.