ಪಮ್ಮಿ ಮದ್ವೆಲಿ ನಾನಾಡಿದ ನಾಕು ಮಾತು

ಎಲ್ರಿಗೂ ನಮಸ್ಕಾರ. ಹಿಂದ್ಗಡೆ ಕೂತಿರೋರಿಗೆ ಕೇಳಿಸ್ತಿದ್ಯಾ? ಆ ಕೊನೇ ಸಾಲಲ್ಲಿ ಕೈ ಎತ್ತಿದ್ರಲ್ಲ, ಥ್ಯಾಂಕ್ಸ್.

ನಾನು ಮದುಮಗಳ ಫ್ರೆಂಡು. ಬರೀ ಫ್ರೆಂಡ್ ಅಂತ ಹೇಳಿ ಬಿಟ್ರೆ ಅಲ್ಲಿಂದಾನೇ ಗುರಾಯಿಸ್ತಾಳೆ, ನೋಡಿ ಈಗ್ಲೇ ಗುರಾಯಿಸ್ತಿದಾಳೆ, ಅದಕ್ಕೆ ಬೆಸ್ಟ್ ಫ್ರೆಂಡು ಅಂತ ಹೇಳ್ಬಿಡ್ತೀನಿ. ಇವಳ ಪೂರ್ತಿ ಹೆಸ್ರು ನೀವೆಲ್ಲ ಕಾರ್ಡಲ್ಲಿ ಓದಿರ್ತೀರ. ನನಗೆ ಮಾತ್ರ ಇವಳು ಪಮ್ಮಿ. ಇವಳಿಗೆ ನಾನು ಗೂಬೆ. ನಾಲ್ಕು ವರ್ಷ ಒಂದೇ ರೂಮಲ್ಲಿದ್ವಿ, ಅಷ್ಟು ದಿನದಲ್ಲಿ ರಾತ್ರಿ ಎರಡು ಗಂಟೆಗೆ ಮುಂಚೆ ನಾನು ಮಲ್ಗಿದ್ದನ್ನ ಇವಳು ಒಂದ್ಸಲಾನೂ ನೋಡಿಲ್ಲ, ಅಲ್ಲಿಂದ ಬಂತು ಆ ಹೆಸ್ರು.

ಐದು ನಿಮಿಷದಲ್ಲಿ ಮುಗ್ಸಮ್ಮ ಅಂತ ಇವಳ ಅಮ್ಮ ಹೇಳಿ ಕಳ್ಸಿದಾರೆ. ಆಂಟಿ, ಆರು ಮಾಡ್ಕೊಳ್ಳಿ.

ಮೊದ್ಲು ಭಾವಂಗೆ ಒಂದೆರಡು ಮಾಹಿತಿ ಕೊಡ್ಬೇಕು, ಮದ್ವೆಗೆ ಮುಂಚೆ ಕೊಟ್ರೆ ತಪ್ಪಿಸ್ಕೊಂಡ್ಬಿಡ್ತೀರೇನೋ ಅಂತ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ಇವಳು ಬೆಳಿಗ್ಗೆಗೆ ನಾಲ್ಕು ಅಲಾರಂ ಇಡ್ತಾಳೆ ಭಾವ. ನಾಲ್ಕಕ್ಕೂ ಏಳಲ್ಲ. ಅಲಾರಂ ಆಫ್ ಮಾಡೋಕೆ ಅಂತಾನೇ ಒಬ್ರು ಬೇಕು ಇವಳಿಗೆ, ಆ ಕೆಲಸ ನಾಲ್ಕು ವರ್ಷ ನಾನು ಮಾಡಿದೀನಿ, ಇವತ್ತಿಂದ ಚಾರ್ಜ್ ನಿಮಗೆ ಕೊಡ್ತಿದೀನಿ. ಇನ್ನೊಂದು, ಇದನ್ನ ಸ್ವಲ್ಪ ಗಮನ ಕೊಟ್ಟು ಕೇಳಿ. ಸಿಟ್ಟು ಬಂದ್ರೆ ಇವಳು ಕೂಗಾಡಲ್ಲ, ಬಟ್ಟೆ ಮಡಚ್ತಾಳೆ. ಮೊದ್ಲು ಇವಳದ್ದು, ಅದು ಮುಗಿದ್ರೆ ನಿಮ್ದು, ಅದೂ ಮುಗಿದು ಇನ್ನೂ ಸಿಟ್ಟು ಉಳ್ದಿದ್ರೆ ಆಗ್ಲೇ ಮಡಚಿಟ್ಟಿದ್ದನ್ನ ಬಿಚ್ಚಿ ಮತ್ತೆ ಮಡಚ್ತಾಳೆ. ಹಾಗಾಗಿ ಯಾವತ್ತಾದ್ರೂ ಆಫೀಸಿಂದ ಬಂದು ಬೀರು ತೆಗೆದಾಗ ಒಳ್ಗಡೆ ಎಲ್ಲ ಅಂಗಡಿ ಥರ ನೀಟಾಗಿ ಕಂಡ್ರೆ ಖುಷಿ ಪಡ್ಬೇಡಿ, ಬೆಳಿಗ್ಗೆಯಿಂದ ಏನ್ ತಪ್ಪು ಮಾಡಿದೀನಿ ಅಂತ ನೆನಪು ಮಾಡ್ಕೊಳ್ಳಿ.

ಈಗ ಇನ್ನೊಂದು ವಿಷ್ಯ. ಇಲ್ಲಿರೋ ಸುಮಾರು ಜನಕ್ಕೆ ಗೊತ್ತು, ಗೊತ್ತಿದ್ದೂ ಪಾಪ ನನ್ನ ಮುಖ ನೋಡಿ ಸುಮ್ನಿದಾರೆ. ಮಧ್ಯದಲ್ಲಿ ನಾವಿಬ್ರು ಮಾತು ಬಿಟ್ಟಿದ್ವಿ. ಒಂದು ವಾರ ಅಲ್ಲ, 14 ತಿಂಗಳು. ಇದನ್ನ ಇವತ್ತು ಎತ್ಬೇಕಾ ಅಂತ ನಾನೂ ಯೋಚ್ನೆ ಮಾಡ್ದೆ, ಆದ್ರೆ ಎತ್ತು ಅಂತ ಹೇಳಿದ್ದೇ ಮದುಮಗಳು. ತಪ್ಪು ಯಾರ್ದು ಅನ್ನೋದ್ರ ಬಗ್ಗೆ ನಮ್ಮಿಬ್ರಿಗೆ ಬಹಳ ದಿನದಿಂದ ಚೌಕಾಸಿ ನಡೀತಿತ್ತು. ಇವಳು ನಂದು 80, ತನ್ದು 20 ಅಂತಿದ್ಲು. ನಾನು 60ಕ್ಕಿಂತ ಮೇಲೆ ಒಪ್ಪಲ್ಲ ಅಂತಿದ್ದೆ. ಕೊನೆಗೆ ಹೋದ ವಾರ 70-30ಕ್ಕೆ ಸೆಟ್ಲ್ ಆಯ್ತು, ಆದ್ರೆ ಒಂದು ಕಂಡೀಷನ್ನು, ಆ 70ನ ಮದ್ವೆ ದಿನ ಮೈಕಲ್ಲಿ ಎಲ್ಲರ ಮುಂದೆ ಒಪ್ಕೋಬೇಕು ಅಂತ. ಒಪ್ಕೊಂಡೆ ಕಣೇ. ಎಪ್ಪತ್ತು. ವಿಡಿಯೋ ಮಾಡ್ತಿರೋ ಅಣ್ಣ, ರೆಕಾರ್ಡ್ ಆಯ್ತಲ್ಲ? ಆಮೇಲೆ ಆಗಿಲ್ಲ ಅಂದ್ರೆ ಇನ್ನೊಂದ್ಸಲ ಹೇಳಿಸ್ತಾಳೆ.

ಆಗಿದ್ದು ಇಷ್ಟೇ. ಕಾಲೇಜು ಮುಗಿದ್ಮೇಲೆ ಒಟ್ಟಿಗೆ ಮನೆ ಮಾಡೋಣ ಅಂತ ಮಾತಾಗಿತ್ತು, ಇವಳು ಮನೆ ಹುಡ್ಕಿ ಅಡ್ವಾನ್ಸೂ ಕೊಟ್ಟಿದ್ಲು, ಅಷ್ಟರಲ್ಲಿ ನನಗೆ ಬೇರೆ ಊರಲ್ಲಿ ಕೆಲಸ ಸಿಕ್ತು, ಇವಳಿಗೆ ಹೇಗೆ ಹೇಳೋದು ಅಂತ ಒದ್ದಾಡ್ತಾ ಒದ್ದಾಡ್ತಾ ಮೂರು ವಾರ ತಳ್ದೆ, ಅಷ್ಟೊತ್ತಿಗೆ ಯಾರೋ ಮೂರನೆಯೋರು ಇವಳಿಗೆ ಹೇಳಾಗಿತ್ತು. ನಾನು ರೂಮಿಗೆ ಬಂದಾಗ ನನ್ನ ಬಟ್ಟೆಗಳೆಲ್ಲ ಮಡಚಿ ಮಂಚದ ಮೇಲೆ ಜೋಡಿಸಿಟ್ಟಿದ್ಲು. ಸಾಕ್ಸ್ ಕೂಡ. ಅದ್ರ ಮೇಲೆ ಇಬ್ರೂ ಒಂದಿಷ್ಟು ಆಡಬಾರದ ಮಾತು ಆಡಿದ್ವಿ, ಅದು ಇಲ್ಲಿ ಬೇಡ. ಆ 30 ಅದರಲ್ಲಿದೆ ಅಂತ ಮಾತ್ರ ಹೇಳ್ತೀನಿ.

ಆಮೇಲೆ ಫೋನಿಲ್ಲ, ಮೆಸೇಜಿಲ್ಲ. ಇವಳ ಹುಟ್ಟಿದಬ್ಬಕ್ಕೆ ಟೈಪ್ ಮಾಡಿ ಡಿಲೀಟ್ ಮಾಡ್ದೆ. ನನ್ನ ಹುಟ್ಟಿದಬ್ಬಕ್ಕೆ ಇವಳೂ ಅದನ್ನೇ ಮಾಡಿದ್ಲಂತೆ, ಆಮೇಲೆ ಗೊತ್ತಾಯ್ತು. ಇಬ್ರೂ ಅಷ್ಟು ಕಷ್ಟಪಟ್ಟು ಟೈಪ್ ಮಾಡಿದ್ದು ದಂಡ.

ಆದ್ರೆ ಒಂದು ಮಾತ್ರ ಉಳ್ಕೊಂಡಿತ್ತು. ಸಿನಿಮಾ, ಸೀರಿಯಲ್ ನೋಡೋ ಆ್ಯಪಲ್ಲಿ ನಮ್ಮದು ಒಂದೇ ಅಕೌಂಟು. ದುಡ್ಡು ನಾನು ಕಟ್ತಿದ್ದೆ, ಪಾಸ್‌ವರ್ಡ್ ಇವಳಿಗೂ ಗೊತ್ತಿತ್ತು, ಎರಡು ಪ್ರೊಫೈಲು, ಒಂದು ಗೂಬೆ, ಒಂದು ಪಮ್ಮಿ. ಜಗಳ ಆದ್ಮೇಲೆ ನಾನು ಪಾಸ್‌ವರ್ಡ್ ಬದಲಾಯಿಸ್ಲಿಲ್ಲ. ಇವಳೂ ಸ್ವಾಭಿಮಾನ ಅಂತ ಬಿಟ್ಟು ಹೋಗ್ಲಿಲ್ಲ, ಬಿಟ್ಟಿ ಸಿಗೋವಾಗ ಯಾರ್ ಬಿಡ್ತಾರೆ ಹೇಳಿ. ಹೇಳೋಕೆ ನಾಚ್ಕೆ ಆಗುತ್ತೆ, ಆದ್ರೆ ಆಗಾಗ ರಾತ್ರಿ ನಾನು ಇವಳ ಪ್ರೊಫೈಲ್ ಓಪನ್ ಮಾಡಿ ನೋಡ್ತಿದ್ದೆ. ಏನ್ ನೋಡ್ತಿದಾಳೆ, ಎಲ್ಲಿವರ್ಗೂ ನೋಡಿದಾಳೆ. ನಾವಿಬ್ರು ಜೊತೆಗೆ ಶುರು ಮಾಡಿದ್ದ ಒಂದು ಪತ್ತೇದಾರಿ ಸೀರಿಯಲ್ ಇತ್ತು, ಅದನ್ನ ಇವಳು ದಿನಕ್ಕೊಂದು ಎಪಿಸೋಡ್ ನೋಡೋಳು. ಎಲ್ಲಿವರ್ಗೂ ನೋಡಿದಾಳೆ ಅಂತ ತೋರಿಸೋ ಆ ಕೆಂಪು ಗೆರೆ ದಿನಾ ಸ್ವಲ್ಪ ಸ್ವಲ್ಪ ಮುಂದೆ ಹೋಗ್ತಿತ್ತು. ಅದು ಹೋಗ್ತಿದೆ ಅಂದ್ರೆ ಸರಿ, ಚೆನ್ನಾಗಿದಾಳೆ, ಕೊಬ್ಬಿಗೇನೂ ಕಡಿಮೆ ಇಲ್ಲ ಅಂತ ಅಂದ್ಕೊಂಡು ಮಲಗ್ತಿದ್ದೆ.

ಒಂದಿನ ಆ ಗೆರೆ ನಿಂತೋಯ್ತು. ಒಂದು ಎಪಿಸೋಡಿನ 23ನೇ ನಿಮಿಷದಲ್ಲಿ. ಮಾರನೇ ದಿನಾನೂ 23. ಅದರ ಮಾರನೇ ದಿನಾನೂ 23. ಕೊಲೆಗಾರ ಯಾರು ಅಂತ ಗೊತ್ತಾಗೋ ಎಪಿಸೋಡ್ ಅದು, ಅದನ್ನ ಇವಳು ಅರ್ಧಕ್ಕೆ ಬಿಡೋ ಜಾತಿ ಅಲ್ಲ. ನಾಲ್ಕನೇ ದಿನ ನನ್ಕೈಲಿ ಆಗ್ಲಿಲ್ಲ, ಮೆಸೇಜ್ ಹಾಕ್ದೆ. 14 ತಿಂಗಳಾದ್ಮೇಲೆ ನಾನು ಕಳ್ಸಿದ ಮೊದಲನೇ ಮೆಸೇಜ್ ಏನು ಗೊತ್ತಾ? ಹೇಗಿದೀಯ ಅಂತ ಅಲ್ಲ, ಸಾರಿ ಅಂತಾನೂ ಅಲ್ಲ. "23ನೇ ನಿಮಿಷದಲ್ಲಿ ಯಾಕೆ ನಿಲ್ಸಿದೀಯ?"

ಎರಡು ನಿಮಿಷಕ್ಕೆ ರಿಪ್ಲೈ ಬಂತು. "ಅಪ್ಪ ಸ್ಟೂಲ್ ಮೇಲಿಂದ ಬಿದ್ರು. ಆಸ್ಪತ್ರೇಲಿದೀವಿ."

ಅಂಕಲ್ ಬಲ್ಬ್ ಹಾಕೋಕೆ ಅಂತ ಸ್ಟೂಲ್ ಹತ್ತಿದ್ರು. ಆ ಸ್ಟೂಲ್ ಕಾಲು ಅಲ್ಲಾಡುತ್ತೆ ಅಂತ ಆಂಟಿ ಎಷ್ಟು ಸಲ ಹೇಳಿದ್ರು ಅಂತ ಕೇಳ್ಬೇಡಿ, ಇವತ್ತಿಗೂ ಹೇಳ್ತಿದಾರೆ. ತೊಡೆ ಮೂಳೆ ಮುರ್ದು ಆಪರೇಷನ್ ಆಗಿತ್ತು. ನಾನು ಆವತ್ತೇ ರಾತ್ರಿ ಬಸ್ ಹತ್ತಿದೆ.

ಬೆಳಿಗ್ಗೆ ಹೋದಾಗ ಇವಳು ವಾರ್ಡ್ ಹೊರ್ಗಡೆ ಬೆಂಚ್ ಮೇಲೆ ಕೂತಿದ್ಲು, ಪಕ್ಕದಲ್ಲಿ ಒಂದು ದೊಡ್ಡ ಬ್ಯಾಗು. ನನ್ನ ನೋಡಿದ್ಲು. ಬಾ ಅಂತ ಅನ್ಲಿಲ್ಲ, ಯಾಕೆ ಬಂದೆ ಅಂತಾನೂ ಅನ್ಲಿಲ್ಲ, ಆ ಬ್ಯಾಗನ್ನ ಎತ್ತಿ ತೊಡೆ ಮೇಲೆ ಇಟ್ಕೊಂಡ್ಲು. ಅಷ್ಟೇ. ನಾನು ಆ ಜಾಗದಲ್ಲಿ ಕೂತೆ. ಹತ್ತು ನಿಮಿಷ ಇಬ್ರೂ ಎದುರುಗಡೆ ಗೋಡೆ ನೋಡ್ಕೊಂಡಿದ್ವಿ, ಕೈ ತೊಳೆಯೋದು ಹೇಗೆ ಅಂತ ಒಂದು ಪೋಸ್ಟರ್ ಇತ್ತು, ಅದರಲ್ಲಿರೋ ಎಲ್ಲಾ ಹೆಜ್ಜೆ ನನಗೆ ಬಾಯಿಪಾಠ ಆಗೋಯ್ತು. ಆಮೇಲೆ ಇವಳು ನನ್ನ ಕೈಲಿದ್ದ ಸ್ವೆಟರ್ ಕಿತ್ಕೊಂಡು ಮಡಚೋಕೆ ಶುರು ಮಾಡಿದ್ಲು. ತೋಳು ಒಳಗೆ ಹಾಕಿ, ಅಂಚು ಸರಿ ಮಾಡಿ, ಬಿಚ್ಚಿ, ಮತ್ತೆ ಮಡಚಿ. ಓ, ಸಿಟ್ಟು ಇನ್ನೂ ಇದೆ ಅಂತ ಗೊತ್ತಾಯ್ತು ನನಗೆ, ನಿಜ ಹೇಳ್ತೀನಿ, ಅಷ್ಟು ಸಮಾಧಾನ ನನಗೆ ಜೀವನದಲ್ಲಿ ಯಾವತ್ತೂ ಆಗಿರ್ಲಿಲ್ಲ. ನಾನು ಇವಳಿಗೆ ಯಾರೋ ಆಗ್ಬಿಟ್ಟಿದ್ರೆ ನನಗೆ ಥ್ಯಾಂಕ್ಸ್ ಹೇಳಿ, ನೀರು ಬೇಕಾ ಅಂತ ಕೇಳಿ ಕಳ್ಸಿಬಿಡ್ತಿದ್ಲು.

ಮೂರನೇ ಸಲ ಮಡಚೋವಾಗ ಕಣ್ಣಲ್ಲಿ ನೀರು ಬಂತು. ಇಬ್ರಿಗೂ. ಮುಂದೆ ಹೇಳಲ್ಲ, ಮೇಕಪ್ ಹಾಳಾಗುತ್ತೆ, ಇವಳಿಗಿಂತ ನಂದು ಜಾಸ್ತಿ ಟೈಮ್ ತಗೊಂಡಿದೆ.

ಆ ಹೊತ್ತಿಗೆ ಸರಿಯಾಗಿ ಉದ್ದಕ್ಕಿರೋ ಒಬ್ಬ ಹುಡುಗ ಎಕ್ಸ್-ರೇ ಫಿಲ್ಮ್ ಹಿಡ್ಕೊಂಡು ಬಂದ, ಕಿಟಕಿ ಬೆಳಕಿಗೆ ಹಿಡಿದು ಬಹಳ ಗಂಭೀರವಾಗಿ ನೋಡ್ದ, "ಈಗ ಪರ್ವಾಗಿಲ್ಲ ಅನ್ಸುತ್ತೆ" ಅಂದ. ಫಿಲ್ಮ್ ತಲೆಕೆಳಗಾಗಿತ್ತು. ಅದೇ ಹುಡುಗ ಇವತ್ತು ಇಲ್ಲಿ ಕೂತ್ಕೊಂಡು ಹೀಗೆ ನಗ್ತಿರೋದು. ಇವಳ ಆಫೀಸಲ್ಲಿ ಕೆಲಸ ಅಂತೆ, ನಾಲ್ಕು ದಿನದಿಂದ ಔಷಧಿ, ಬಿಲ್ಲು, ಬ್ಲಡ್ ರಿಪೋರ್ಟ್ ಅಂತ ಮೇಲೆ ಕೆಳಗೆ ಓಡಾಡ್ತಿದ್ರು. ನಮ್ಮಿಬ್ರ ಮುಖ ನೋಡಿ "ನೀವಿಬ್ರು ಅಕ್ಕ ತಂಗೀರಾ?" ಅಂತ ಕೇಳಿದ್ರು. ಇಬ್ರೂ ಒಂದೇ ಸಲ, ಒಂದೇ ಸ್ವರದಲ್ಲಿ "ಅಲ್ಲ" ಅಂದ್ವಿ. "ಗೊತ್ತಾಯ್ತು ಬಿಡಿ, ನೀವು ಗೂಬೆ" ಅಂದ್ರು.

ಯೋಚ್ನೆ ಮಾಡಿ, ಮಾತು ಬಿಟ್ಟ 14 ತಿಂಗಳಲ್ಲಿ ಇವಳ ಜೀವನಕ್ಕೆ ಬಂದ ಮನುಷ್ಯ, ನನ್ನ ಒಂದ್ಸಲಾನೂ ನೋಡಿಲ್ಲ, ಆದ್ರೂ ನನ್ನ ಹೆಸರು ಗೊತ್ತು. ಏನೇನ್ ಹೇಳಿದಾಳೋ ಅಂತ ಎದೆ ಢವಢವ ಅಂತಿತ್ತು. ಆಮೇಲೆ ಒಂದಿನ ಭಾವನ್ನೇ ಕೇಳ್ದೆ, ನನ್ನ ಎಷ್ಟು ಬೈದಿದ್ಲು ಅಂತ. ಅಲಾರಂ ಕಥೆ ಹೇಳಿದಾಳೆ, ಪರೀಕ್ಷೆ ಹಿಂದಿನ ರಾತ್ರಿ ಕರೆಂಟ್ ಹೋಗಿದ್ದು ಹೇಳಿದಾಳೆ, ಜಗಳದ್ದು ಮಾತ್ರ ಒಂದು ಅಕ್ಷರನೂ ಹೇಳಿಲ್ಲ, ಜಗಳ ಆಗಿತ್ತು ಅನ್ನೋದೇ ನನಗೆ ಗೊತ್ತಿರ್ಲಿಲ್ಲ ಅಂದ್ರು. ಈ ವಿಷ್ಯ ನಾನು ನಿನ್ಹತ್ರ ಇವತ್ತಿನವರ್ಗೂ ಹೇಳಿರ್ಲಿಲ್ಲ ಕಣೇ ಪಮ್ಮಿ. ಅಳ್ಬೇಡ, ಆಂಟಿ ನನಗೆ ಬೈತಾರೆ.

ಸಾರಿ ಅಂತ ಬಾಯ್ಬಿಟ್ಟು ಹೇಳಿದ್ದು ಅದಾಗಿ ಎರಡು ತಿಂಗಳಾದ್ಮೇಲೆ, ಒಂದು ಬಸ್‌ಸ್ಟಾಪಲ್ಲಿ. ನಾನು ಹೇಳ್ದೆ, ಬಸ್ ಸೌಂಡಿಗೆ ಇವಳಿಗೆ ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು ಅಂದ್ಲು. ಕೇಳಿಸಿತ್ತು ಇವಳಿಗೆ, ನನಗೆ ಗೊತ್ತು.

ಅಂಕಲ್, ಮುಂದಿನ ಸಾಲಲ್ಲಿ ಕೂತು ಕಾಲು ಕುಣಿಸ್ತಿದೀರಲ್ಲ, ಅದನ್ನ ನೋಡೋಕೆ ತುಂಬ ಖುಷಿಯಾಗುತ್ತೆ. ನೀವು ಬಿದ್ದಿದ್ದು ಒಳ್ಳೇದಾಯ್ತು ಅಂತ ಹೇಳೋಕಾಗಲ್ಲ, ಆದ್ರೆ ನೀವು ಬೀಳ್ದೇ ಇದ್ದಿದ್ರೆ ನಾನು ಇವತ್ತು ಈ ಮೈಕ್ ಹಿಡ್ಕೊಂಡಿರ್ತಿರ್ಲಿಲ್ಲ, ಮನೇಲಿ ಕೂತು ಇವಳ ಮದ್ವೆ ಫೋಟೋನ ಬೇರೆಯವ್ರ ಸ್ಟೇಟಸಲ್ಲಿ ನೋಡ್ತಿದ್ದೆ.

ಭಾವ, ನಮ್ಮ ಅಕೌಂಟಲ್ಲಿ ನಿನ್ನೆ ರಾತ್ರಿ ನಿಮಗೂ ಒಂದು ಪ್ರೊಫೈಲ್ ಮಾಡಿದೀನಿ. ಹೆಸರು "ಭಾವ" ಅಂತಾನೇ ಇದೆ. ಇದೇ ನನ್ನ ಗಿಫ್ಟು, ಬೇರೆ ಏನೂ ನಿರೀಕ್ಷೆ ಇಟ್ಕೋಬೇಡಿ. ಏನ್ ಬೇಕಾದ್ರೂ ನೋಡಿ, ಪಮ್ಮಿ ಪ್ರೊಫೈಲಲ್ಲಿ ಆ ಒಂದು ಎಪಿಸೋಡ್ ಮಾತ್ರ ಮುಟ್ಬೇಡಿ. ಅದು ಇನ್ನೂ 23ನೇ ನಿಮಿಷದಲ್ಲೇ ಇದೆ. ಕೊಲೆಗಾರ ಯಾರು ಅಂತ ನಮ್ಮಿಬ್ರಿಗೂ ಇವತ್ತಿನವರ್ಗೂ ಗೊತ್ತಿಲ್ಲ, ಗೊತ್ತಾಗೋದೂ ಬೇಡ.

ಸರಿ, ಎಲ್ರೂ ಒಂದ್ಸಲ ಎದ್ದು ನಿಲ್ತೀರಾ? ಅಂಕಲ್ ನೀವು ಕೂತಿರಿ. ಗ್ಲಾಸಲ್ಲಿ ಏನಿದ್ಯೋ ಅದನ್ನೇ ಎತ್ತಿ, ನೀರಾದ್ರೂ ಪರ್ವಾಗಿಲ್ಲ.

ನಮ್ಮ ಪಮ್ಮಿಗೆ! ಎಕ್ಸ್-ರೇ ಓದೋಕೆ ಬರದ ನಮ್ಮ ಭಾವಂಗೆ! ಆಮೇಲೆ ಆ ಮುರುಕು ಸ್ಟೂಲಿಗೆ!

ಆಂಟಿ, ಒಂಬತ್ತು ನಿಮಿಷ ಆಯ್ತು. ಸಾರಿ.