ಎಚ್ಚರಿಕೆ ಪತ್ರ: ಕೆಲಸಕ್ಕೆ ಪದೇ ಪದೇ ತಡವಾಗಿ ಬರುತ್ತಿರುವ ಬಗ್ಗೆ

ದಿನಾಂಕ: 1-10-2025

ಇವರಿಗೆ,
ಶ್ರೀ ರಮೇಶ್,
ಸಪ್ಲೈಯರ್, ಬೆಳಗಿನ ಪಾಳಿ

ಶ್ರೀ ರಮೇಶ್ ಅವರೇ,

ಬೆಳಗಿನ ಪಾಳಿಯ ಸಪ್ಲೈಯರ್‌ಗಳು 11 ಗಂಟೆಗೆ ಸಮವಸ್ತ್ರ ಧರಿಸಿ ತಮಗೆ ವಹಿಸಿದ ಟೇಬಲ್‌ಗಳ ಬಳಿ ಇರಬೇಕೆಂಬುದು ನೀವು ಕೆಲಸಕ್ಕೆ ಸೇರುವಾಗ ಸಹಿ ಮಾಡಿದ ಷರತ್ತುಗಳಲ್ಲಿ ಸ್ಪಷ್ಟವಾಗಿದೆ. ಐದು ನಿಮಿಷದವರೆಗಿನ ತಡವನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಕಳೆದ ಸೆಪ್ಟೆಂಬರ್ ತಿಂಗಳಲ್ಲಿ ನೀವು 3ರಂದು 11.25ಕ್ಕೆ, 9ರಂದು 11.20ಕ್ಕೆ, 14ರಂದು 11.50ಕ್ಕೆ, 20ರಂದು 11.35ಕ್ಕೆ ಮತ್ತು 28ರಂದು 12.10ಕ್ಕೆ ಕೆಲಸಕ್ಕೆ ಬಂದಿದ್ದೀರಿ. ಈ ಐದು ದಿನಗಳಲ್ಲಿ ಒಂದು ದಿನವೂ ನೀವು ಮುಂಚಿತವಾಗಿ ಫೋನ್ ಮಾಡಿ ತಿಳಿಸಿಲ್ಲ, ಬಂದ ಮೇಲೆ ಕಾರಣವನ್ನೂ ಹೇಳಿಲ್ಲ. ಈ ವೇಳೆಗಳನ್ನು ಬೆರಳ ಗುರುತಿನ ಹಾಜರಿ ಯಂತ್ರದ ದಾಖಲೆಯಿಂದ ತೆಗೆದುಕೊಳ್ಳಲಾಗಿದೆಯೇ ಹೊರತು ಊಟದ ಹಾಲಿನ ಗೋಡೆ ಗಡಿಯಾರದಿಂದಲ್ಲ; ಅದು ಸ್ವಲ್ಪ ಮುಂದೆ ಓಡುತ್ತದೆಂದು ಸಿಬ್ಬಂದಿ ಹೇಳುವುದು ನಿಜವೇ. ದಾಖಲೆಯನ್ನು ನೀವೇ ನೋಡಬೇಕೆಂದಿದ್ದರೆ ಕಚೇರಿಗೆ ಬಂದು ನೋಡಬಹುದು.

ಸೆಪ್ಟೆಂಬರ್ 23ರಂದೂ ನೀವು ತಡವಾಗಿ ಬಂದಿದ್ದೀರಿ. ಆದರೆ ಅಂದು ಬಸ್ಸು ಕೆಟ್ಟು ನಿಂತಿದೆಯೆಂದು 10.30ಕ್ಕೇ ಫೋನ್ ಮಾಡಿದ್ದರಿಂದ ನಿಮ್ಮ ಟೇಬಲ್‌ಗಳನ್ನು ಬೇರೆಯವರಿಗೆ ಹಂಚಲು ಸಾಧ್ಯವಾಯಿತು. ಆದ್ದರಿಂದ ಆ ದಿನವನ್ನು ಈ ಪತ್ರದಲ್ಲಿ ತಪ್ಪೆಂದು ಪರಿಗಣಿಸಿಲ್ಲ.

ಇದೇ ವಿಷಯವಾಗಿ ಆಗಸ್ಟ್ 18ರಂದು ಕ್ಯಾಪ್ಟನ್ ಅವರ ಸಮ್ಮುಖದಲ್ಲಿ ನಿಮಗೆ ಬಾಯಿಮಾತಿನಲ್ಲಿ ತಿಳಿಹೇಳಿದ್ದೆವು. ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುವುದಾಗಿ ನೀವು ಒಪ್ಪಿಕೊಂಡಿದ್ದಿರಿ. ಆ ನಂತರವೂ ಇದು ಮುಂದುವರಿದಿರುವುದರಿಂದ ಈಗ ಲಿಖಿತವಾಗಿ ಎಚ್ಚರಿಕೆ ನೀಡಬೇಕಾಗಿದೆ.

ಅರ್ಧ ಗಂಟೆಯ ತಡ ದೊಡ್ಡದಲ್ಲವೆಂದು ನಿಮಗೆ ಅನಿಸಬಹುದು. ಬಾಗಿಲು ತೆರೆಯುವ ಮೊದಲಿನ ಆ ಒಂದು ಗಂಟೆಯಲ್ಲೇ ಟೇಬಲ್ ಒರೆಸಿ, ಲೋಟ ಚಮಚಗಳನ್ನು ಜೋಡಿಸಿ, ಆ ದಿನ ಏನೇನು ಸಿಗುವುದಿಲ್ಲವೆಂದು ಅಡುಗೆಮನೆಯಿಂದ ಕೇಳಿ ತಿಳಿದುಕೊಳ್ಳಬೇಕಾಗುತ್ತದೆ ಎಂಬುದು ನಿಮಗೆ ಗೊತ್ತಿಲ್ಲದ್ದೇನಲ್ಲ. ಸೆಪ್ಟೆಂಬರ್ 28ರ ಭಾನುವಾರ ನೀವು ಬರುವ ಹೊತ್ತಿಗೆ ಗ್ರಾಹಕರು ಕುಳಿತಾಗಿತ್ತು. ನಿಮ್ಮ ಆರು ಟೇಬಲ್‌ಗಳನ್ನೂ ತನ್ನವುಗಳ ಜೊತೆಗೆ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿಯ ಕೈಯಲ್ಲಿ ಎರಡು ಆರ್ಡರ್‌ಗಳು ಅದಲು ಬದಲಾದವು. ಒಂದು ಕುಟುಂಬ ಕಾದು ಕಾದು ಎದ್ದು ಹೋಯಿತು. ಬೈಗುಳ ಕೇಳಿದ್ದು ಆ ಸಹೋದ್ಯೋಗಿ, ನೀವಲ್ಲ. ಈ ಪತ್ರ ಬರೆಯಲು ಮುಖ್ಯ ಕಾರಣ ಇದೇ.

ನಿಮ್ಮ ಕೆಲಸದ ಗುಣಮಟ್ಟದ ಬಗ್ಗೆ ನಮಗೆ ಯಾವ ದೂರೂ ಇಲ್ಲವೆಂಬುದನ್ನು ಇಲ್ಲಿಯೇ ದಾಖಲಿಸುತ್ತೇವೆ. ನಿಮ್ಮ ಟೇಬಲ್ಲೇ ಬೇಕೆಂದು ಕೇಳಿ ಕೂರುವ ಗ್ರಾಹಕರಿದ್ದಾರೆ. ಪಾಳಿ ಮುಗಿದರೂ ಕೊನೆಯ ಬಿಲ್ಲು ಪಾವತಿಯಾಗುವವರೆಗೆ ನೀವು ನಿಲ್ಲುತ್ತೀರಿ. ಆದರೆ ಇದರಿಂದ ತಡವಾಗಿ ಬರುವುದಕ್ಕೆ ವಿನಾಯಿತಿ ಸಿಗುವುದಿಲ್ಲ, ಏಕೆಂದರೆ ನಿಯಮ ಎಲ್ಲರಿಗೂ ಒಂದೇ.

ಈ ತಡಕ್ಕೆ ಕಾರಣವೇನೆಂಬುದನ್ನು ಅಕ್ಟೋಬರ್ 4ರ ಸಂಜೆ 5 ಗಂಟೆಯೊಳಗೆ ಲಿಖಿತವಾಗಿ ತಿಳಿಸಬೇಕು. ಬರೆಯುವುದು ಕಷ್ಟವಾದರೆ ನನ್ನ ಬಳಿ ಬಂದು ಹೇಳಿ. ಅದನ್ನು ಬರೆದುಕೊಂಡು, ಓದಿ ಹೇಳಿ, ನಿಮ್ಮ ಸಹಿ ಪಡೆಯಲಾಗುವುದು. ಮನೆಯವರ ಅನಾರೋಗ್ಯ, ಮಕ್ಕಳನ್ನು ಶಾಲೆಗೆ ಬಿಡುವುದು, ಬಸ್ಸಿನ ವೇಳೆ ಇಂಥ ಅಡಚಣೆಯಿದ್ದರೆ ಮುಚ್ಚಿಡಬೇಡಿ. ಮಧ್ಯಾಹ್ನ 3 ಗಂಟೆಯ ಪಾಳಿಯಲ್ಲಿ ಸದ್ಯ ಒಂದು ಸ್ಥಾನ ಖಾಲಿಯಿದ್ದು, ನೀವು ಬಯಸಿದರೆ ಸಂಬಳದಲ್ಲಿ ವ್ಯತ್ಯಾಸವಿಲ್ಲದೆ ಅದಕ್ಕೆ ವರ್ಗಾಯಿಸಲು ಸಿದ್ಧರಿದ್ದೇವೆ.

ಅಕ್ಟೋಬರ್ 2ರಿಂದ 31ರವರೆಗೆ ನಿಮ್ಮ ಹಾಜರಿಯನ್ನು ವಿಶೇಷವಾಗಿ ಗಮನಿಸಲಾಗುವುದು. ತಡವಾಗುವುದು ಅನಿವಾರ್ಯವಾದಲ್ಲಿ ಪಾಳಿ ಆರಂಭವಾಗುವ ಅರ್ಧ ಗಂಟೆ ಮೊದಲಾದರೂ ಕ್ಯಾಪ್ಟನ್ ಅವರಿಗೇ ಫೋನ್ ಮಾಡಬೇಕು. ಜೊತೆಗಾರರ ಮೂಲಕ ಹೇಳಿ ಕಳುಹಿಸಿದರೆ ಅದನ್ನು ಸೂಚನೆ ಎಂದು ಒಪ್ಪಲಾಗುವುದಿಲ್ಲ. ಈ ಅವಧಿಯಲ್ಲಿ ಸೂಚನೆಯಿಲ್ಲದೆ ಮತ್ತೆ ತಡವಾಗಿ ಬಂದರೆ ನಿಮ್ಮ ಮೇಲೆ ಶಿಸ್ತುಕ್ರಮ ಆರಂಭಿಸಲಾಗುವುದು ಮತ್ತು ಅದು ಕೆಲಸದಿಂದ ತೆಗೆದುಹಾಕುವವರೆಗೂ ಹೋಗಬಹುದು. ಆದರೆ ನಿಮ್ಮ ಮಾತನ್ನು ಕೇಳದೆ ಅಂಥ ಯಾವ ತೀರ್ಮಾನವನ್ನೂ ಕೈಗೊಳ್ಳುವುದಿಲ್ಲ. ಈ ಪತ್ರದ ಕಾರಣಕ್ಕೆ ನಿಮ್ಮ ಸೆಪ್ಟೆಂಬರ್ ಸಂಬಳದಲ್ಲಾಗಲಿ, ಟಿಪ್ಸ್ ಪಾಲಿನಲ್ಲಾಗಲಿ ಏನನ್ನೂ ಕಡಿತ ಮಾಡುವುದಿಲ್ಲ.

ಪತ್ರದ ಒಂದು ಪ್ರತಿ ನಿಮ್ಮ ಸೇವಾ ಕಡತದಲ್ಲಿರುತ್ತದೆ. ಮುಂದಿನ ಆರು ತಿಂಗಳು ಇಂಥ ದೂರು ಬಾರದಿದ್ದರೆ ಅದನ್ನು ಕಡತದಿಂದ ತೆಗೆಯಲಾಗುವುದು. ಕೆಳಗೆ ನೀವು ಹಾಕುವ ಸಹಿ ಪತ್ರ ಕೈಸೇರಿದ್ದಕ್ಕೆ ಮಾತ್ರ. ಅದರಿಂದ ನೀವು ತಪ್ಪನ್ನು ಒಪ್ಪಿಕೊಂಡಂತೆ ಆಗುವುದಿಲ್ಲ.

ಇತಿ,
ವ್ಯವಸ್ಥಾಪಕರು

ಪ್ರತಿ: ಕ್ಯಾಪ್ಟನ್, ಬೆಳಗಿನ ಪಾಳಿ; ಸೇವಾ ಕಡತ

ಈ ಪತ್ರವನ್ನು ಓದಿ, ಒಂದು ಪ್ರತಿಯನ್ನು 1-10-2025ರಂದು ಪಡೆದಿದ್ದೇನೆ.
(ಸಹಿ) ರಮೇಶ್